ನಿಮಿರುವಿಕೆಗೆ ನಡಿಗೆಯೋ, ಭಾರ ಎತ್ತುವುದೋ, ಕೆಗೆಲ್ ವ್ಯಾಯಾಮವೋ?

ಶಿಶ್ನ ನಿಮಿರುವುದಕ್ಕೆ ರಕ್ತ ಒಳಹರಿಯಬೇಕು, ಒಳಬಂದದ್ದು ಅಲ್ಲಿಯೇ ನಿಲ್ಲಬೇಕು. ಆದ್ದರಿಂದ ಯಾವ ಹಂತದಲ್ಲಿ ತೊಡಕಿದೆ ಎಂಬುದರ ಮೇಲೆ ವ್ಯಾಯಾಮವನ್ನು ಆರಿಸುವುದು ಸೂಕ್ತ.

ರಕ್ತದೊತ್ತಡವೂ ಬೊಜ್ಜೂ ಇರುವ, ಬೆಳಗಿನ ನಿಮಿರುವಿಕೆಯೂ ಕ್ರಮೇಣ ಕುಗ್ಗಿರುವ 48ರ ವ್ಯಕ್ತಿಯಲ್ಲಿ ಸಾಮಾನ್ಯವಾಗಿ ಒಳಹರಿವೇ ಸೊರಗಿರುತ್ತದೆ. ಅವರಿಗೆ ಬಿರುಸಿನ ನಡಿಗೆ, ಈಜು ಅಥವಾ ಸೈಕಲ್ ಮೊದಲ ಆಯ್ಕೆ. ಏಕೆಂದರೆ ಇವು ರಕ್ತನಾಳದ ಒಳಪದರವು ನಾಳವನ್ನು ಹಿಗ್ಗಿಸುವ ನೈಟ್ರಿಕ್ ಆಕ್ಸೈಡ್ ಉತ್ಪಾದಿಸುವ ಶಕ್ತಿಯನ್ನು ಸುಧಾರಿಸುತ್ತವೆ. ಏದುಸಿರು ಬರುವಷ್ಟು ವೇಗದಲ್ಲಿ 40 ನಿಮಿಷ, ವಾರಕ್ಕೆ 4 ದಿನ, ಸುಮಾರು 6 ತಿಂಗಳು ಎಂಬುದು ಅಧ್ಯಯನಗಳ ಸಮೀಕ್ಷೆಯೊಂದು ಸೂಚಿಸಿರುವ ಪ್ರಮಾಣ. ನಡೆಯುವಾಗ ಎದೆನೋವು ಬಂದರೆ ಮುಂದುವರಿಸದೆ ವೈದ್ಯರನ್ನು ಕಾಣಬೇಕು.

ನಿಮಿರುವಿಕೆ ಬಂದೂ ಬೇಗ ಸಡಿಲವಾಗುವವರಿಗೆ ಕೆಗೆಲ್, ಅಂದರೆ ಸೊಂಟದ ತಳದ ಸ್ನಾಯುಗಳನ್ನು ಬಿಗಿದು ಸಡಿಲಿಸುವ ವ್ಯಾಯಾಮ, ಹೆಚ್ಚು ಹೊಂದುತ್ತದೆ, ಏಕೆಂದರೆ ಶಿಶ್ನದ ಬುಡದ ಸ್ನಾಯುಗಳು ಬಿಗಿಯಾಗಿ ರಕ್ತ ಹಿಂದೆ ಸರಿಯದಂತೆ ಒತ್ತುತ್ತವೆ. 2005ರಲ್ಲಿ ಪ್ರಕಟವಾದ, 55 ಪುರುಷರ ಬ್ರಿಟಿಷ್ ಅಧ್ಯಯನದಲ್ಲಿ 6 ತಿಂಗಳಿಗೆ ಶೇ. 40ರಷ್ಟು ಜನರಲ್ಲಿ ನಿಮಿರುವಿಕೆ ಸಹಜ ಸ್ಥಿತಿಗೆ ಮರಳಿತು. ಅಪಾನವಾಯುವನ್ನು ತಡೆಯುವಂತೆ ಒಳಗೆಳೆದಾಗ ಶಿಶ್ನದ ಬುಡ ತುಸು ಒಳಸರಿದು ವೃಷಣಗಳು ಮೇಲೇರಿದರೆ ಕ್ರಮ ಸರಿ; ಹೊಟ್ಟೆಯೋ ಪೃಷ್ಠವೋ ಬಿಗಿಯುತ್ತಿದ್ದರೆ, ಉಸಿರು ಕಟ್ಟುತ್ತಿದ್ದರೆ ತಪ್ಪು. ಪ್ರತಿ ಬಿಗಿತದ ನಂತರ ಪೂರ್ತಿ ಸಡಿಲಿಸುವುದನ್ನು ಬಹುಮಂದಿ ಮರೆಯುತ್ತಾರೆ. ಆ ಭಾಗದಲ್ಲಿ ಮೊದಲೇ ನೋವಿದ್ದವರಿಗೆ ಬಿಗಿಯುವ ಅಭ್ಯಾಸವು ನೋವನ್ನು ಹೆಚ್ಚಿಸಬಹುದು.

ಭಾರ ಎತ್ತುವುದರ ನೇರ ಪರಿಣಾಮಕ್ಕೆ ಆಧಾರ ಕಡಿಮೆ. ಸಕ್ಕರೆ ಕಾಯಿಲೆ ಇರುವವರಿಗೆ ಅದು ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಲು ನೆರವಾಗುತ್ತದೆ, ಆದ್ದರಿಂದ ನಡಿಗೆಯ ಜೊತೆಗೆ ವಾರಕ್ಕೆರಡು ದಿನ ಸೇರಿಸಬಹುದು. ನಡಿಗೆಗೆ ಬದಲಾಗಿ ಅಲ್ಲ.