ತಂಗಳನ್ನದ ನೀರೋ, ಒಗ್ಗರಣೆ ಮಜ್ಜಿಗೆಯೋ?

ನಾನು ಎರಡನ್ನೂ ಮೂರು ಮೂರು ವಾರ ಬೆಳಿಗ್ಗೆ ಕುಡಿದು ನೋಡಿದೆ. ಅಪ್ಪನಿಗೆ ಕೀಮೋ ನಡೆಯುತ್ತಿತ್ತು. ಅವರಿಗೆ ಯಾವುದನ್ನು ಕೊಡಬಹುದು ಅನ್ನೋದೇ ನಿಜವಾದ ಪ್ರಶ್ನೆ.

ತಂಗಳು ಮಾಡಿದ್ದು ಊರಿನ ಕ್ರಮದಲ್ಲೇ. ರಾತ್ರಿ ಮಿಕ್ಕ ಕುಚ್ಚಲಕ್ಕಿ ಅನ್ನ ಆರಿದ ಮೇಲೆ ಮಣ್ಣಿನ ಮಡಕೆಗೆ ಹಾಕಿ, ಎರಡು ಬೆರಳು ಮೇಲೆ ಬರುವಷ್ಟು ನೀರು ಹೊಯ್ದು, ಬಟ್ಟೆ ಕಟ್ಟಿಡುವುದು. ಬೆಳಿಗ್ಗೆ ಕೈಯಲ್ಲಿ ಕಿವುಚಿ, ಉಪ್ಪು, ಚಿಕ್ಕ ಈರುಳ್ಳಿ. ಹೊಟ್ಟೆಗೆ ಮಜ್ಜಿಗೆಗಿಂತ ಇದೇ ಹೆಚ್ಚು ಹಗುರ ಅನ್ನಿಸಿತು. ಮಧ್ಯಾಹ್ನದ ಉಬ್ಬರವೂ ಇರಲಿಲ್ಲ. ರುಚಿಗೆ ನನ್ನ ಓಟು ಇದಕ್ಕೇ.

ಆದರೆ ದಿನಾ ಒಂದೇ ಹುಳಿ ಬರಲಿಲ್ಲ. ಸೆಖೆಯ ರಾತ್ರಿಗೆ ಹುಳಿ ಅಳೆಯುವ ಪಿಎಚ್ ಪಟ್ಟಿ 4ರ ಸುತ್ತ ತೋರಿಸಿದರೆ, ಚಳಿ ಬಿದ್ದ ರಾತ್ರಿ 5.5ರಲ್ಲೇ ನಿಂತಿತ್ತು; ಅಂಕೆ ಇಳಿದಷ್ಟೂ ಹುಳಿ ಹೆಚ್ಚು. ಹುಳಿ ತರುವ ಬ್ಯಾಕ್ಟೀರಿಯಾ ಇಲ್ಲಿ ಹೆಪ್ಪು ಹಾಕಿದ್ದಲ್ಲ, ಮಡಕೆ, ನೀರು, ಗಾಳಿಯಿಂದ ತಾನಾಗಿ ಬಂದದ್ದು. ಅದು ಬಲಿಯುವವರೆಗೆ ಅನ್ನಕ್ಕೆ ಕಾವಲಿಲ್ಲ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅನ್ನ ಬೇಯುವ ಬಿಸಿಗೂ ಸಾಯುವುದಿಲ್ಲ. ಪಿಎಚ್ 4.5ರ ಕೆಳಗೆ ಇಳಿಯದಿದ್ದರೆ ಅವು ಚಿಗುರಿ ಹೆಚ್ಚಬಹುದು.

"ಕುದಿಸಿ ಕೊಟ್ಟರಾಯ್ತಲ್ಲೋ" ಅಂದರು ಅಮ್ಮ. ಆಗುವುದಿಲ್ಲ. ವಾಂತಿ ಬರಿಸುವ ಅದರ ವಿಷ ಕುದಿತಕ್ಕೂ ಜಗ್ಗುವುದಿಲ್ಲ, ಮೂಗಿಗೂ ಸಿಗುವುದಿಲ್ಲ. ಲೋಳೆ ಬಂದದ್ದು, ಕೆಟ್ಟ ವಾಸನೆಯದು ಚೆಲ್ಲಬೇಕು ಸರಿ. ಆದರೆ ಚೆನ್ನಾಗಿ ಕಂಡದ್ದೂ ಒಂದರಿಂದ ಆರು ಗಂಟೆಯೊಳಗೆ ವಾಂತಿ ಮಾಡಿಸಬಹುದು. ಅಪ್ಪನಂಥವರಿಗೆ ಆ ಒಂದು ದಿನವೇ ದೊಡ್ಡ ಹೊಡೆತ.

ಮಜ್ಜಿಗೆಯಲ್ಲಿ ಹಿಡಿತ ನಮ್ಮ ಕೈಯಲ್ಲಿದೆ. ಹಾಲು ಕುದಿದಿರುತ್ತದೆ, ಉಗುರು ಬೆಚ್ಚಗಿರುವಾಗ ಒಂದು ಚಮಚ ಹೊಸ ಮೊಸರಿನ ಹೆಪ್ಪು ಬಿದ್ದರೆ ಹುಳಿ ಬೇಗ ಮೇಲುಗೈ ಸಾಧಿಸುತ್ತದೆ. ಗಟ್ಟಿಯಾದ ಕೂಡಲೇ ಫ್ರಿಜ್ಜಿಗೆ. ಅಪಾಯ ಬರುವುದು ಆಮೇಲೆ ಸೇರಿಸುವುದರಿಂದ: ಕುದಿಸದ ನೀರು, ಹಸಿ ಕೊತ್ತಂಬರಿ, ಶುಂಠಿ. ಸೊಪ್ಪಿನ ಮಣ್ಣು ತೊಳೆದರೂ ಪೂರ್ತಿ ಹೋಗುವುದಿಲ್ಲ. ಹಾಗಾಗಿ ನಾನು ಒಂದು ಲೋಟ ಮೊಸರಿಗೆ ಮೂರು ಲೋಟ ಕುದಿಸಿ ಆರಿಸಿದ ನೀರು ಹಾಕಿ ಕಡೆದು, ಜೀರಿಗೆ, ಇಂಗು, ಕರಿಬೇವು, ಜಜ್ಜಿದ ಶುಂಠಿ ಎಲ್ಲವನ್ನೂ ಎಣ್ಣೆಯಲ್ಲಿ ಚಟಪಟ ಹುರಿದೇ ಸೇರಿಸಿದೆ. ಹಸಿ ಘಮ ಕಮ್ಮಿ, ಅದೊಂದು ನಷ್ಟ. ಮಾಡಿದ್ದನ್ನು ಆಗಲೇ ಕುಡಿದು ಮುಗಿಸಿದೆವು.

ಆದರೂ ಇದಕ್ಕೆ ಎಲ್ಲ ದಿನವೂ ಅನುಮತಿಯಿಲ್ಲ. ಕೀಮೋ ಆದ ಒಂದೆರಡು ವಾರದಲ್ಲಿ ಬಿಳಿ ರಕ್ತಕಣ ತೀರಾ ಇಳಿಯುತ್ತದೆ. ಆಗ ಮೊಸರಿನ ಜೀವಂತ ಬ್ಯಾಕ್ಟೀರಿಯಾವೂ, ಅಪರೂಪಕ್ಕೆ, ರಕ್ತಕ್ಕೆ ಸೇರಿದ್ದುಂಟು. ನಮ್ಮ ಡಾಕ್ಟರು ರಕ್ತದ ವರದಿ ನೋಡಿ ಆ ದಿನಗಳಲ್ಲಿ ಎರಡನ್ನೂ ಬೇಡ ಅಂದರು. ಆಗ ಅಪ್ಪನಿಗೆ ಒಲೆಯಿಂದ ಇಳಿಸಿದ ಬಿಸಿ ಗಂಜಿ, ಉಪ್ಪು. "ಇದಕ್ಕೆ ಹುಳಿಯೇ ಇಲ್ಲ" ಅಂತ ಗೊಣಗುತ್ತಲೇ ಬಟ್ಟಲು ಖಾಲಿ ಮಾಡುತ್ತಿದ್ದರು.