ಲೋನ್‌ಗೆ ಅರ್ಜಿ ಹಾಕುವ ಮುಂಚೆ ಜಿಎಸ್‌ಟಿ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಾನು ನೋಡಿರಲಿಲ್ಲ

ತೀರ್ಥಹಳ್ಳಿಯಲ್ಲಿ ನಮ್ಮದೊಂದು ಪೈಪು, ಮೋಟಾರು, ವೈರಿಂಗ್ ಸಾಮಾನಿನ ಅಂಗಡಿ. ಲೈಸೆನ್ಸು, ಜಿಎಸ್‌ಟಿ ಎಲ್ಲ ನನ್ನ ಹೆಸರಲ್ಲಿದೆ. ಕೌಂಟರ್ ನಾನು ನೋಡುತ್ತೇನೆ, ಮನೆಮನೆಗೆ ಹೋಗಿ ಫಿಟ್ಟಿಂಗ್ ಮಾಡುವುದು ನಮ್ಮನೆಯವರು. 2025ರ ಮೇ ತಿಂಗಳಲ್ಲಿ ಬ್ಯಾಂಕಿನಲ್ಲಿ ಸಿಸಿ ಲಿಮಿಟ್ ಅನ್ನುವ ವ್ಯಾಪಾರದ ಸಾಲಕ್ಕೆ ಅರ್ಜಿ ಹಾಕಿದೆ, ಜೂನ್‌ನಲ್ಲಿ ಫೈಲ್ ವಾಪಸ್ ಬಂತು. ಕಂತು ಕಟ್ಟದೆ ಇದ್ದದ್ದೂ ಇಲ್ಲ, ಸಿಬಿಲ್ ಸ್ಕೋರ್ ಕೆಟ್ಟದ್ದೂ ಅಲ್ಲ. ರಿಟರ್ನ್‌ನಲ್ಲಿ ಇದ್ದ ವಹಿವಾಟಿಗೂ ಖಾತೆಗೆ ಬಂದ ಹಣಕ್ಕೂ ತಾಳೆ ಆಗಲಿಲ್ಲ, ಅಷ್ಟೇ ಕಾರಣ. ನಮ್ಮ ಕಡೆ ನನ್ನ ಹಾಗೆಯೇ ಅಂಗಡಿ, ತೋಟ, ಮನೆ ಎಲ್ಲವನ್ನೂ ಒಂದೇ ಖಾತೆಯಲ್ಲಿ ನಡೆಸುವವರು ತುಂಬಾ ಜನ ಇದ್ದಾರೆ, ಅವರಿಗಾಗಿ ಪೂರ್ತಿ ಬರೆಯುತ್ತಿದ್ದೇನೆ.

ಮೊದಲ ತಪ್ಪು ಅರ್ಜಿ ತುಂಬುವಾಗಲೇ ಆಯಿತು. ವರ್ಷದ ವಹಿವಾಟು ಎಷ್ಟು ಅಂತ ಕೇಳಿದ ಜಾಗದಲ್ಲಿ 1 ಕೋಟಿ ಅಂತ ಬರೆದೆ. ಯಾಕೆಂದರೆ 2024ರ ಏಪ್ರಿಲ್‌ನಿಂದ 2025ರ ಮಾರ್ಚ್‌ವರೆಗೆ ನನ್ನ ಕರೆಂಟ್ ಖಾತೆಗೆ ಒಟ್ಟು 1 ಕೋಟಿ 4 ಲಕ್ಷ ಜಮಾ ಆಗಿತ್ತು, ನಾನು ಅದನ್ನೇ ವ್ಯಾಪಾರ ಅಂದುಕೊಂಡಿದ್ದೆ. ಸಣ್ಣ ವ್ಯಾಪಾರಕ್ಕೆ ವರ್ಷದ ಅಂದಾಜು ವಹಿವಾಟಿನ 20 ಪರ್ಸೆಂಟ್ ಲಿಮಿಟ್ ಕೊಡುವ ಲೆಕ್ಕ ಒಂದಿದೆ, ಬ್ಯಾಂಕಿನವರು ಅದಕ್ಕೆ ನಾಯಕ್ ಸಮಿತಿ ಲೆಕ್ಕ ಅನ್ನುತ್ತಾರೆ. ಹಾಗಾಗಿ 20 ಲಕ್ಷ ಕೇಳಿದೆ. ಆದರೆ ಅದೇ ವರ್ಷದ ನನ್ನ ನಾಲ್ಕು ಜಿಎಸ್‌ಟಿಆರ್-3ಬಿ ಕೂಡಿಸಿದರೆ ಬರುವುದು 62 ಲಕ್ಷ ಮಾತ್ರ. (ನಮ್ಮದು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಸ್ಕೀಮು, ಅದಕ್ಕೆ ನಾಲ್ಕು.) ಮ್ಯಾನೇಜರ್ ಎರಡೂ ಕಾಗದ ನನ್ನ ಕಡೆ ತಿರುಗಿಸಿ, "ಮೇಡಂ, ಇದರಲ್ಲಿ ಯಾವುದು ನಿಮ್ಮ ವ್ಯಾಪಾರ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಎರಡನೇ ತಪ್ಪು ಇನ್ನೂ ಕೆಟ್ಟದ್ದು. ಅರ್ಜಿ ಹಾಕುವ ಮೊದಲು ಲೋನ್ ಮಾಡಿಸಿಕೊಡುತ್ತೇನೆ ಅಂತ ಒಬ್ಬರು ಬಂದಿದ್ದರು. "ಅಕ್ಕ, ಅಕೌಂಟಲ್ಲಿ ಓಡಾಟ ಜಾಸ್ತಿ ಕಾಣಿಸ್ಬೇಕು, ಯಜಮಾನ್ರ ಎಸ್‌ಬಿಯಿಂದ ಹಾಕಿ, ತೆಗೀರಿ, ಮತ್ತೆ ಹಾಕಿ" ಅಂದರು. ನಂಬಿ ಫೆಬ್ರವರಿ, ಮಾರ್ಚ್‌ನಲ್ಲಿ 3 ಲಕ್ಷವನ್ನು ಎರಡು ಸಲ ತಿರುಗಿಸಿದೆವು. ಅವರಿಗೆ 10 ಸಾವಿರ ಬೇರೆ ಕೊಟ್ಟೆವು. ದಯವಿಟ್ಟು ಇದನ್ನು ಮಾಡಬೇಡಿ. ಒಂದೇ ಮೊತ್ತ ಬಂದ ಎರಡೇ ದಿನಕ್ಕೆ ಹೊರಗೆ ಹೋಗಿ, ಮತ್ತೆ ಅದೇ ಹೆಸರಿನಿಂದ ಒಳಗೆ ಬಂದರೆ ಸ್ಟೇಟ್‌ಮೆಂಟ್ ನೋಡುವವರಿಗೆ ಮೊದಲು ಕಣ್ಣಿಗೆ ಬೀಳುವುದೇ ಅದು. ಒಂದು ಕಡೆ ಸಂಶಯ ಬಂದರೆ ಆಮೇಲೆ ನಿಜವಾದ ಜಮಾವನ್ನೂ ಅದೇ ಸಂಶಯದಲ್ಲಿ ನೋಡುತ್ತಾರೆ. ನನ್ನ ವಿಷಯದಲ್ಲಿ ಆದದ್ದೂ ಹಾಗೆಯೇ. ಅದೇ ಅವಧಿಯಲ್ಲಿ ಬಂದಿದ್ದ ಅಡಿಕೆ ದುಡ್ಡನ್ನೂ ಅವರು ನಂಬಲಿಲ್ಲ.

ಜನವರಿಯಿಂದ ಮಾರ್ಚ್‌ವರೆಗಿನ ಲೆಕ್ಕ ಹೀಗಿತ್ತು ನೋಡಿ. ಆ ಮೂರು ತಿಂಗಳ 3ಬಿಯಲ್ಲಿ 15 ಲಕ್ಷ, ಖಾತೆಗೆ ಜಮಾ 41 ಲಕ್ಷ. ಯಾರಿಗಾದರೂ ಹೆದರಿಕೆ ಆಗುವ ಅಂತರ ಅಲ್ವಾ? ಆದರೆ ಆ 41ರಲ್ಲಿ ಮಾವನ ತೋಟದ ಅಡಿಕೆ ಮಾರಿ ಮಂಡಿಯಿಂದ ಬಂದದ್ದೇ 11.5 ಲಕ್ಷ. ನನ್ನ ತಮ್ಮ ಕೈಸಾಲ ಅಂತ ಹಾಕಿದ್ದು 4 ಲಕ್ಷ. ನಾವು ತಿರುಗಿಸಿದ್ದು 6 ಲಕ್ಷ. ಇನ್ನು ನಮ್ಮ ಕಡೆಯ ವ್ಯಾಪಾರದ ರೀತಿ ನಿಮಗೆಲ್ಲ ಗೊತ್ತು. ನವೆಂಬರಿನಲ್ಲಿ ಪಂಪ್ ಒಯ್ದವರು "ಅಡಿಕೆ ಕೊಟ್ಟ ಮೇಲೆ ಕೊಡ್ತೀನಿ" ಅನ್ನುತ್ತಾರೆ, ಕೊಡುವುದು ಫೆಬ್ರವರಿಗೆ. ಬಿಲ್ ನವೆಂಬರಿನದು, ಆದ್ದರಿಂದ ಅದು ಡಿಸೆಂಬರ್‌ಗೆ ಮುಗಿದ ರಿಟರ್ನ್‌ನಲ್ಲೇ ಸೇರಿರುತ್ತದೆ, ಹಣ ಮಾತ್ರ ಮುಂದಿನ ಮೂರು ತಿಂಗಳಿನಲ್ಲಿ ಕಾಣುತ್ತದೆ. ಹಾಗಾಗಿ ತಿಂಗಳು ತಿಂಗಳಿಗೆ ಸರಿಹೋಗಲಿಲ್ಲ ಅಂತ ಗಾಬರಿ ಆಗುವುದು ಬೇಡ, ವರ್ಷದ ಮೇಲೆ ನೋಡಿ.

ಫೈಲ್ ವಾಪಸ್ ಬಂದ ಮೇಲೆ ನಮ್ಮ ಆಡಿಟರ್ ಜೊತೆ ಎರಡು ಭಾನುವಾರ ಕೂತು ಲೆಕ್ಕ ಮಾಡಿದೆ. ಅರ್ಜಿಗೆ ಮುಂಚೆ ಮಾಡಬೇಕಾದದ್ದು ಇದೇ ಕೆಲಸ.

ಸ್ಟೇಟ್‌ಮೆಂಟನ್ನು ಎಕ್ಸೆಲ್‌ನಲ್ಲಿ ಇಳಿಸಿಕೊಂಡು, ಜಮಾ ಆದ ಪ್ರತಿ ಸಾಲಿನ ಎದುರು ಅದು ಏನು ಅಂತ ಒಂದು ಪದ ಬರೆದೆವು. ಮಾರಾಟ, ಅಡಿಕೆ, ಕೈಸಾಲ, ಚೀಟಿ ಹೀಗೆ. ಫೋನ್‌ಪೇ, ಗೂಗಲ್‌ಪೇಯ ಸಣ್ಣ ಸಣ್ಣ ಸಾಲುಗಳೇ ಸಾವಿರಾರು ಇದ್ದವು, ಅವನ್ನೆಲ್ಲ ಫಿಲ್ಟರ್ ಹಾಕಿ ಒಂದೇ ಸಲ ಮಾರಾಟ ಅಂತ ಗುರುತು ಮಾಡಿದೆವು. ದೊಡ್ಡ ಮೊತ್ತಗಳನ್ನು ಮಾತ್ರ ಒಂದೊಂದಾಗಿ ನೋಡಿದೆವು. ಮಾರಾಟ ಅಲ್ಲದ್ದು ಇಷ್ಟು ಸಿಕ್ಕಿತು: ಅಡಿಕೆ 11.5 ಲಕ್ಷ, ತಿರುಗಿಸಿದ್ದು 6, ತಮ್ಮನ ಕೈಸಾಲ 4, ಎತ್ತಿದ ಚೀಟಿ 3, ಗಿರಾಕಿಗಳ ಚೆಕ್ ಜಮಾ ಆಗಿ ಆಮೇಲೆ ವಾಪಸ್ ಹೋದದ್ದು 2.3, ನಾವೇ ತೆಗೆದು ಮತ್ತೆ ಕಟ್ಟಿದ ಕ್ಯಾಶ್ 1.8. ಎಲ್ಲ ಸೇರಿ 28.6 ಲಕ್ಷ. 104ರಲ್ಲಿ ಅದನ್ನು ಕಳೆದರೆ ಮಾರಾಟದ ಹಣ ಅಂತ ಉಳಿದದ್ದು 75.4 ಲಕ್ಷ.

ಈಗ ರಿಟರ್ನ್ ಕಡೆ. 3ಬಿಯಲ್ಲಿ 3.1(a) ಸಾಲಿನಲ್ಲಿ ಇರುವ ವಹಿವಾಟು ತೆರಿಗೆ ಬಿಟ್ಟ ಮೊತ್ತ. ಗಿರಾಕಿ ಕೊಡುವುದು ತೆರಿಗೆ ಸೇರಿಸಿ. ನಾವು ಮಾರುವುದೆಲ್ಲ 18 ಪರ್ಸೆಂಟಿನ ಸಾಮಾನು, ಆದ್ದರಿಂದ 62 ಲಕ್ಷದ ಮಾರಾಟಕ್ಕೆ ಬರಬೇಕಾದ ಹಣ 73.16 ಲಕ್ಷ. ಇದನ್ನು ಕೂಡಿಸದೆ ಹೋಲಿಸಿದರೆ 11 ಲಕ್ಷದ ವ್ಯತ್ಯಾಸ ಸುಮ್ನೆ ಹುಟ್ಟಿಕೊಳ್ಳುತ್ತದೆ. ನಿಮ್ಮಲ್ಲಿ ಬೇರೆ ಬೇರೆ ದರದ ಸಾಮಾನು ಇದ್ದರೆ ಒಂದೇ ಗುಣಾಕಾರ ನಡೆಯುವುದಿಲ್ಲ, ರಿಟರ್ನ್‌ನಲ್ಲಿರುವ ತೆರಿಗೆ ಮೊತ್ತವನ್ನೇ ತೆಗೆದುಕೊಂಡು ಕೂಡಿಸಿ.

75.4 ಮತ್ತು 73.16. ಇಲ್ಲಿಗೆ ನಾನು ಪೆನ್ನು ಕೆಳಗಿಟ್ಟಿದ್ದೆ. ಎರಡೂಕಾಲು ಲಕ್ಷ ತಾನೇ, ಇಷ್ಟು ದೊಡ್ಡ ಲೆಕ್ಕದಲ್ಲಿ ಯಾರು ಕೇಳುತ್ತಾರೆ ಅಂತ. ಆಡಿಟರ್ ಬಿಡಲಿಲ್ಲ. ಬಾಕಿ ಮತ್ತು ಕ್ಯಾಶ್ ಎರಡನ್ನೂ ಹಾಕದೆ ಲೆಕ್ಕ ಮುಗಿಯುವುದಿಲ್ಲ ಅಂದರು.

ವರ್ಷದ ಶುರುವಿನಲ್ಲಿ ಗಿರಾಕಿಗಳಿಂದ ಬರಬೇಕಾದ ಬಾಕಿ 7 ಲಕ್ಷ ಇತ್ತು, ಕೊನೆಗೆ 9.5 ಲಕ್ಷ. ಅಂದರೆ ಬಿಲ್ ಮಾಡಿದ್ದರಲ್ಲಿ 2.5 ಲಕ್ಷ ಇನ್ನೂ ಬಂದೇ ಇಲ್ಲ. ಅದನ್ನು ಕಳೆದರೆ ಕೈಗೆ ಬಂದಿರಬೇಕಾದದ್ದು 70.66. ಕೌಂಟರಿಗೆ ಬಂದ ಕ್ಯಾಶಿನಲ್ಲಿ ಲಗೇಜ್ ಆಟೋ, ಹಮಾಲಿ, ಹುಡುಗರ ಸಂಬಳ ಅಂತ ಬ್ಯಾಂಕಿಗೆ ಕಟ್ಟದೆ ಖರ್ಚು ಮಾಡಿದ್ದು ಕ್ಯಾಶ್ ಬುಕ್ ಪ್ರಕಾರ 2.34 ಲಕ್ಷ. ಅದನ್ನೂ ಕಳೆದರೆ ಬ್ಯಾಂಕಿಗೆ ಬಂದಿರಬೇಕಾದದ್ದು 68.32 ಲಕ್ಷ. ಬಂದಿರುವುದು 75.4. ವ್ಯತ್ಯಾಸ ಎರಡೂಕಾಲು ಅಲ್ಲ, 7.08 ಲಕ್ಷ.

ಅದು ಎಲ್ಲಿಂದ ಬಂತು ಅಂತ ಯೋಚಿಸಿ ಯೋಚಿಸಿ ಕೊನೆಗೆ ಗೊತ್ತಾಯಿತು. ಫಿಟ್ಟಿಂಗ್ ಚಾರ್ಜು. ಮೋಟಾರ್ ಇಳಿಸಿದ್ದಕ್ಕೆ, ಪೈಪ್ ಲೈನ್ ಎಳೆದದ್ದಕ್ಕೆ ನಮ್ಮನೆಯವರು ಚೀಟಿಯಲ್ಲಿ ಬರೆದು ಕೊಡುತ್ತಿದ್ದರು, ಜನ ಅಂಗಡಿಯ ಅದೇ ಕ್ಯೂಆರ್‌ಗೆ ಹಾಕುತ್ತಿದ್ದರು. ನಾನು ಆಡಿಟರ್‌ಗೆ ಕಳಿಸುತ್ತಿದ್ದದ್ದು ಬಿಲ್ ಬುಕ್ ಮಾತ್ರ. ಕೂಲಿ ದುಡ್ಡು, ಅದಕ್ಕೇನು ಜಿಎಸ್‌ಟಿ ಅಂತ ನಾವಿಬ್ಬರೂ ತಿಳಿದಿದ್ದೆವು. ಆದರೆ ಅಂಗಡಿಗೆ ಜಿಎಸ್‌ಟಿ ನಂಬರ್ ಇದ್ದು, ಆ ಅಂಗಡಿಯ ಕೆಲಸ ಅಂತಲೇ ಮಾಡಿಕೊಟ್ಟರೆ ಫಿಟ್ಟಿಂಗ್ ಕೂಡ ವಹಿವಾಟೇ, ಅದಕ್ಕೂ 18 ಪರ್ಸೆಂಟ್. 7.08 ಲಕ್ಷದಲ್ಲಿ 6 ಲಕ್ಷ ಕೆಲಸದ್ದು, 1.08 ಲಕ್ಷ ತೆರಿಗೆ. ನಾವು ಗಿರಾಕಿಗಳಿಂದ ತೆರಿಗೆ ಅಂತ ತೆಗೆದುಕೊಂಡೇ ಇರಲಿಲ್ಲ, ಅಷ್ಟೂ ನಮ್ಮ ಕೈಯಿಂದಲೇ ಹೋಯಿತು.

ಒಮ್ಮೆ ಹಾಕಿದ 3ಬಿಯನ್ನು ತಿದ್ದಲು ಬರುವುದಿಲ್ಲ. ಆದರೆ ಬಿಟ್ಟುಹೋದ ಮಾರಾಟವನ್ನು ಮುಂದಿನ ರಿಟರ್ನ್‌ನಲ್ಲಿ ಸೇರಿಸಬಹುದು, ಆ ಹಣಕಾಸು ವರ್ಷ ಮುಗಿದ ಮೇಲೆ ಬರುವ ನವೆಂಬರ್ 30ರವರೆಗೆ, ಅಷ್ಟರೊಳಗೆ ವಾರ್ಷಿಕ ರಿಟರ್ನ್ ಹಾಕಿರಬಾರದು. ಅದು ದಾಟಿದರೆ DRC-03 ಅನ್ನುವ ಫಾರಂನಲ್ಲಿ ನಾವಾಗಿಯೇ ಕಟ್ಟಬೇಕು. ನಾವು ಜುಲೈ 22ರೊಳಗೆ ಹಾಕಬೇಕಿದ್ದ ಏಪ್ರಿಲ್–ಜೂನ್ ರಿಟರ್ನ್‌ನಲ್ಲೇ ಸೇರಿಸಿದೆವು. ವರ್ಷಕ್ಕೆ 18 ಪರ್ಸೆಂಟ್ ಬಡ್ಡಿ, ಸುಮಾರು 12 ಸಾವಿರ ಆಯಿತು. ಅದೇ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮಾ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟ ಸುದ್ದಿ ಎಲ್ಲ ಕಡೆ ಇತ್ತು. ಅದನ್ನು ಓದುವಾಗ ನನಗೆ ಕೈ ನಡುಗಿದ್ದು ನಿಜ. ಬ್ಯಾಂಕ್ ಕೇಳುವ ಪ್ರಶ್ನೆಯನ್ನೇ ಇಲಾಖೆಯೂ ಕೇಳಬಹುದು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಲೋನ್ ಜಾಸ್ತಿ ಸಿಗಲಿ ಅಂತ ಇಲ್ಲದ ಮಾರಾಟವನ್ನು ರಿಟರ್ನ್‌ನಲ್ಲಿ ತುಂಬಿಸಿ ಅಂತ ಸಲಹೆ ಕೊಡುವವರೂ ಇದ್ದಾರೆ. ಆಗ ತಾಳೆ ಉಲ್ಟಾ ತಪ್ಪುತ್ತದೆ, ರಿಟರ್ನ್‌ನಲ್ಲಿ ಇರುವಷ್ಟು ಹಣ ಖಾತೆಗೆ ಬಂದಿರುವುದಿಲ್ಲ. ಮೇಲಾಗಿ ಮಾಡದ ವ್ಯಾಪಾರಕ್ಕೆ ತೆರಿಗೆ ಕಟ್ಟಿರುತ್ತೀರಿ. ಕ್ಯಾಶ್ ವ್ಯಾಪಾರ ಜಾಸ್ತಿ ಇರುವ ಅಂಗಡಿಗಳಲ್ಲಿ ಪ್ರಾಮಾಣಿಕವಾಗಿಯೂ ಹೀಗೆ ಕಾಣಬಹುದು. ಬಂದ ಕ್ಯಾಶನ್ನು ದಿನಾ ಬ್ಯಾಂಕಿಗೆ ಕಟ್ಟಿ, ಖರ್ಚಿಗೆ ಬೇಕಾದದ್ದನ್ನು ಅಲ್ಲಿಂದ ತೆಗೆಯುವುದು ಒಳ್ಳೆಯದು.

ಆಗಸ್ಟ್‌ನಲ್ಲಿ ಬೇರೆ ಬ್ಯಾಂಕಿಗೆ ಹೋದೆ. ಈ ಸಲ 62ಕ್ಕೆ ಫಿಟ್ಟಿಂಗ್‌ನ 6 ಸೇರಿಸಿ ವಹಿವಾಟು 68 ಲಕ್ಷ ಅಂತ ಬರೆದೆ. ಅರ್ಜಿಯ ಜೊತೆ ಒಂದು ಪುಟದ ತಾಳೆ ಪಟ್ಟಿ ಇಟ್ಟೆ. ಮೇಲೆ 104, ಕೆಳಗೆ ಕಳೆದದ್ದೆಲ್ಲ ಒಂದೊಂದೇ ಸಾಲು, ಪ್ರತಿ ಸಾಲಿಗೂ ಪುರಾವೆ. ಅಡಿಕೆಗೆ ಮಂಡಿಯ ಪಟ್ಟಿ, ತೋಟದ ಪಹಣಿ, ತನ್ನ ದುಡ್ಡನ್ನು ಸೊಸೆಯ ಖಾತೆಗೆ ಹಾಕಿಸಿದ್ದು ಅಂತ ಮಾವ ಸಹಿ ಮಾಡಿದ ಪತ್ರ. ಚೀಟಿಗೆ ಪಾಸ್‌ಬುಕ್. ತಮ್ಮನ 4 ಲಕ್ಷವನ್ನು ಮುಚ್ಚಿಡದೆ ಸಾಲ ಅಂತಲೇ ತೋರಿಸಿದೆ. ತಿರುಗಿಸಿದ 6 ಲಕ್ಷದ ಬಗ್ಗೆ ಸುಳ್ಳು ಹೇಳಲಿಲ್ಲ, ಮನೆಯವರ ಖಾತೆಯಿಂದ ಬಂದು ಹೋದದ್ದು, ವ್ಯಾಪಾರ ಅಲ್ಲ ಅಂತ ಬರೆದೆ. ಹಿಂದಿನ ಅರ್ಜಿ ವಾಪಸ್ ಆದದ್ದನ್ನೂ ನಾನೇ ಮೊದಲು ಹೇಳಿದೆ, ಯಾಕೆಂದರೆ ಬ್ಯಾಂಕ್ ಸಿಬಿಲ್ ತೆಗೆದದ್ದು ರಿಪೋರ್ಟ್‌ನಲ್ಲಿ ಹೇಗೂ ಕಾಣುತ್ತದೆ.

ಫೀಲ್ಡ್ ಆಫೀಸರ್ ಅಂಗಡಿಗೆ ಬಂದು ಪಟ್ಟಿಯಲ್ಲಿ ಮೂರು ಸಾಲು ಆರಿಸಿ ಪುರಾವೆ ಕೇಳಿದರು, ಫೈಲ್‌ನಲ್ಲಿ ತೋರಿಸಿದೆ. ಸೆಪ್ಟೆಂಬರ್ ಕೊನೆಗೆ 13 ಲಕ್ಷದ ಲಿಮಿಟ್ ಆಯಿತು. ಈಗ ಅಡಿಕೆ ದುಡ್ಡು ಮಾವನ ಖಾತೆಗೇ ಹೋಗುತ್ತದೆ, ಫಿಟ್ಟಿಂಗ್‌ಗೂ ಬಿಲ್ ಹರಿಯುತ್ತೇವೆ, ಪ್ರತಿ ರಿಟರ್ನ್ ಹಾಕುವ ಮುಂಚೆ ಆ ಮೂರು ತಿಂಗಳ ಜಮಾದ ಎದುರು ಒಂದೊಂದು ಪದ ಬರೆದು ಆಡಿಟರ್‌ಗೆ ಕಳಿಸುತ್ತೇನೆ. ಒಂದು ಸಂಜೆಯ ಕೆಲಸ.