ನಲ್ಲಿಯ ಡ್ರಮ್ಮೋ, ಪಂಪಿನ ಕ್ಯಾನೋ: ಸಲೂನಿನ ಶಾಂಪೂ ರೀಫಿಲ್‌ಗೆ ನಾನು ಮಾಡಿದ ಎರಡು ಪ್ರಯೋಗ

ನನ್ನ ಸಲೂನಿನಲ್ಲಿ ಈಗ ಇರುವುದು ಪಂಪು ಹಾಕಿದ ಐದು ಲೀಟರಿನ ಕ್ಯಾನ್‌ಗಳು. ಅದಕ್ಕೂ ಮೊದಲು ಹೆಚ್ಚು ಹಣ ಕೊಟ್ಟು ತಂದದ್ದು ನಲ್ಲಿಯಿರುವ ಗಾಜಿನ ಡ್ರಮ್‌ಗಳನ್ನು. ಅವನ್ನು ನಾಲ್ಕು ತಿಂಗಳು ಬಳಸಿ ತೆಗೆದುಹಾಕಿದೆ. ಗ್ರಾಹಕರಿಗೆ ಶಾಂಪೂವನ್ನು ರೀಫಿಲ್ ರೂಪದಲ್ಲಿ ಮಾರಲು ಯೋಚಿಸುತ್ತಿರುವ ಸಲೂನಿನವರಿಗೆ ನಾನು ಸೂಚಿಸುವುದು ಕ್ಯಾನನ್ನೇ.

ನೋಟದಲ್ಲಿ ಡ್ರಮ್ಮೇ ಮುಂದು. ಬಾಗಿಲು ದಾಟಿದ ಕೂಡಲೇ ಕಣ್ಣಿಗೆ ಬೀಳುತ್ತಿತ್ತು, ಯಾರೂ ವಿವರಿಸದೆಯೇ ಗ್ರಾಹಕರಿಗೆ ಅದೇನೆಂದು ತಿಳಿಯುತ್ತಿತ್ತು. ಕಂಡಿಷನರ್ ಮಾತ್ರ ತೀರಾ ಮಂದವಾದುದರಿಂದ ತನ್ನ ಭಾರಕ್ಕೆ ತಾನೇ ಇಳಿಯುತ್ತಿರಲಿಲ್ಲ. ನಲ್ಲಿಯ ಬಾಯಲ್ಲಿ ಉಳಿದ ಹನಿ ರಾತ್ರಿ ಒಣಗಿ ಬೆಳಿಗ್ಗೆ ಕಟ್ಟಿಕೊಂಡಿರುತ್ತಿತ್ತು. ಇಷ್ಟನ್ನು ಸಹಿಸಿಕೊಳ್ಳಬಹುದಿತ್ತು.

ಸಹಿಸಲಾಗದ ತೊಡಕು ಗ್ರಾಹಕರು ತರುವ ಬಾಟಲಿಯಲ್ಲಿತ್ತು. ಒಬ್ಬ ಹಳೆಯ ಗ್ರಾಹಕಿ ಮೂರು ವಾರಗಳ ಬಳಿಕ ಬಂದು, 'ಈ ಸಲದ ಶಾಂಪೂ ನೀರಿನಂತಿದೆ, ವಾಸನೆಯೂ ಬೇರೆಯಾಗಿದೆ' ಎಂದರು. ನಮ್ಮ ಡ್ರಮ್ಮಿನಲ್ಲಿದ್ದ ಶಾಂಪೂ ಸರಿಯಾಗಿಯೇ ಇತ್ತು. ಅವರು ಬಾಟಲಿಯನ್ನು ಶ್ರದ್ಧೆಯಿಂದ ತೊಳೆದು ಅದೇ ದಿನ ತಂದಿದ್ದರು, ಒಳಗೆ ನೀರು ಉಳಿದಿತ್ತು. ಅದು ಎಷ್ಟಿರಬಹುದೆಂದು ತಿಳಿಯಲು ಅಂಥದೇ 250 ಮಿಲಿಲೀಟರ್ ಬಾಟಲಿಯನ್ನು ತೊಳೆದು, ಒಮ್ಮೆ ಮಾತ್ರ ಬಗ್ಗಿಸಿ ತೂಗಿದಾಗ ಸುಮಾರು 30 ಗ್ರಾಂ ನೀರು ಸಿಕ್ಕಿತು. ಅಂದರೆ ತುಂಬಿದ ಬಾಟಲಿಯಲ್ಲಿ ಶೇಕಡ 12 ಭಾಗ ನೀರೇ ಆಯಿತು.

ಹಲವು ಶಾಂಪೂಗಳಿಗೆ ಮಂದತೆ ಬರುವುದು ಉಪ್ಪಿನ ಹದದಿಂದ. ನೀರು ಬೆರೆತು ಆ ಹದ ಕೆಟ್ಟರೆ, ಬೆರೆತ ನೀರಿನ ಪ್ರಮಾಣವನ್ನು ಮೀರಿ ಶಾಂಪೂ ತೆಳುವಾಗಬಹುದು. ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಕೆಡದಂತೆ ಕಾಯುವ ಸಂರಕ್ಷಕವೂ ನೀರಿನಿಂದ ದುರ್ಬಲವಾಗುತ್ತದೆ, ಮತ್ತು ಸ್ಯೂಡೋಮೊನಾಸ್‌ನಂಥ ಬ್ಯಾಕ್ಟೀರಿಯಾ ಬೆಳೆಯಲು ಒದ್ದೆ ಬಾಟಲಿಯ ತಳವೇ ಸಾಕು. ತೆಳುವಾಗುವುದು, ವಾಸನೆ ಬದಲಾಗುವುದು, ಪದರ ಬೇರ್ಪಡುವುದು ಇದರ ಲಕ್ಷಣಗಳು. ಆದರೆ ಯಾವ ಲಕ್ಷಣವೂ ಕಾಣದೆಯೂ ಕೆಟ್ಟಿರಬಹುದು. ಗ್ರಾಹಕರೇ ನಲ್ಲಿ ತಿರುಗಿಸಿ ತುಂಬಿಕೊಳ್ಳುವ ಏರ್ಪಾಟಿನಲ್ಲಿ ಬಾಟಲಿಯ ಒಳಗನ್ನು ಯಾರೂ ನೋಡುವುದಿಲ್ಲ. ಒದ್ದೆ ಬಾಯಿ ನಲ್ಲಿಗೆ ತಗುಲಿದರೆ ಮುಂದಿನವರ ಬಾಟಲಿಗೂ ಅಪಾಯ. ಸಾಲದೆಂಬಂತೆ, ಡ್ರಮ್ ಪೂರ್ತಿ ಬರಿದಾಗುವ ಮೊದಲೇ ಮೇಲಿನಿಂದ ಹೊಸ ಶಾಂಪೂ ಸುರಿಯುವ ಅಭ್ಯಾಸ ನಮ್ಮಲ್ಲೇ ಇತ್ತು. ಹಾಗಾಗಿ ಯಾರಿಗೆ ಯಾವ ಬ್ಯಾಚ್ ಹೋಯಿತೆಂದು ಹೇಳಲು ನನ್ನಿಂದ ಆಗಲಿಲ್ಲ, ಆ ಗ್ರಾಹಕಿಗೂ ಸರಿಯಾದ ಉತ್ತರ ಕೊಡಲಾಗಲಿಲ್ಲ.

ಕ್ಯಾನಿನ ವ್ಯವಸ್ಥೆಯಲ್ಲಿ ತುಂಬುವವರು ನಾವೇ. ಗ್ರಾಹಕರು ತಂದ ಖಾಲಿ ಬಾಟಲಿಯನ್ನು ಇಟ್ಟುಕೊಂಡು, ನಾವು ಮೊದಲೇ ತೊಳೆದು ಎರಡು ದಿನ ತಲೆಕೆಳಗಾಗಿ ಒಣಗಿಸಿದ ಅದೇ ಅಳತೆಯ ಬಾಟಲಿಗೆ ಅವರೆದುರೇ ತುಂಬಿಕೊಡುತ್ತೇವೆ. ನಮ್ಮ ಒಣ ಬಾಟಲಿಯ ತೂಕ 28 ಗ್ರಾಂ. ತಕ್ಕಡಿ ಒಂದು ಗ್ರಾಂ ಹೆಚ್ಚು ತೋರಿಸಿದರೂ ಅದು ಮತ್ತೆ ಒಣಗಲು ಹೋಗುತ್ತದೆ. ಚೀಟಿಯ ಮೇಲೆ ಕ್ಯಾನಿನ ಬ್ಯಾಚ್ ಸಂಖ್ಯೆಯನ್ನೂ ಮುಗಿಯುವ ದಿನಾಂಕವನ್ನೂ ಬರೆಯುತ್ತೇವೆ. ಹೀಗೆ ಮಾರುವುದಕ್ಕೆ ಉತ್ಪಾದಕರ ಒಪ್ಪಿಗೆಯನ್ನು ಲಿಖಿತವಾಗಿ ಪಡೆದಿದ್ದೇನೆ.

ಪಂಪಿನ ಕೊಳವೆ ತಳ ಮುಟ್ಟದೆ ಕೊನೆಯಲ್ಲಿ ಒಂದಿಷ್ಟು ಶಾಂಪೂ ಉಳಿಯುತ್ತದೆ. ಅದನ್ನು ಹೊಸ ಕ್ಯಾನಿಗೆ ಸುರಿಯದೆ ತಲೆ ತೊಳೆಯುವ ಬೇಸಿನ್ ಬಳಿ ಅದೇ ದಿನ ಬಳಸಿ ಮುಗಿಸುತ್ತೇವೆ.

ಮಾರಾಟದ ಮಾತಿಗೂ ಕ್ಯಾನೇ ಹೆಚ್ಚು ಸಹಾಯಕ. 'ಪ್ಲಾಸ್ಟಿಕ್ ಮುಕ್ತ' ಎಂಬ ಫಲಕವನ್ನು ಡ್ರಮ್ಮಿನ ಕಾಲದಲ್ಲಿ ಹಾಕಿದ್ದೆ. ಶಾಂಪೂ ಬರುತ್ತಿದ್ದದ್ದು ಪ್ಲಾಸ್ಟಿಕ್ ಕ್ಯಾನಿನಲ್ಲೇ ಆದ್ದರಿಂದ ಅದು ಸುಳ್ಳಾಗಿತ್ತು, ತೆಗೆಸಿದೆ. ಈಗ ಲೆಕ್ಕವನ್ನೇ ಬರೆದಿದ್ದೇನೆ. ಒಂದು ಕ್ಯಾನ್ 250 ಮಿಲಿಲೀಟರಿನ 20 ಬಾಟಲಿಗಳಿಗೆ ಸಮ. 20 ಹೊಸ ಬಾಟಲಿಗಳ ಪ್ಲಾಸ್ಟಿಕ್ 560 ಗ್ರಾಂ, ನಮ್ಮ ಖಾಲಿ ಕ್ಯಾನಿನದು 210 ಗ್ರಾಂ, ಉಳಿದದ್ದು 350 ಗ್ರಾಂ. ಬಾಟಲಿ ಮರಳಿ ಬಂದರೆ ಮಾತ್ರ ಈ ಉಳಿತಾಯ ಎಂಬುದನ್ನೂ ಕೆಳಗೆ ಸೇರಿಸಿದ್ದೇನೆ. ಈ ಒಂದು ಸಾಲಿನಿಂದಲೇ ಬಾಟಲಿ ಹಿಂದಿರುಗಿಸುವವರು ಹೆಚ್ಚಾದರು. ಪಂಪನ್ನು ಲೆಕ್ಕಕ್ಕೆ ಸೇರಿಸಿಲ್ಲ, ಏಕೆಂದರೆ ಅದನ್ನು ಬಿಚ್ಚಿ, ತೊಳೆದು, ಒಣಗಿಸಿ ಮುಂದಿನ ಕ್ಯಾನಿಗೆ ಹಾಕುತ್ತೇವೆ.

ನನ್ನದು ಮೂರು ಕುರ್ಚಿಗಳ ಸಲೂನ್, ರಾತ್ರಿ ಬಾಗಿಲು ಹಾಕುವ ಮುನ್ನ ಬಾಟಲಿ ತೊಳೆದು ಬೋರಲು ಹಾಕುವವಳು ನಾನೇ. ದಿನಕ್ಕೆ ಹತ್ತಾರು ಬಾಟಲಿ ಹೋಗುವ ದೊಡ್ಡ ಸಲೂನಿನಲ್ಲಿ ಈ ಕೆಲಸಕ್ಕೇ ಒಬ್ಬರು ಬೇಕಾಗಬಹುದು. ನನ್ನ ಕೈಯಳತೆಗೆ ಎರಡು ಕ್ಯಾನ್, ಎರಡು ಪಂಪ್, ಒಂದು ತಕ್ಕಡಿ ಮತ್ತು ಒಂದು ಒಣಗುಹಲಗೆ ಸಾಕಾಯಿತು. ಇವೆಲ್ಲಕ್ಕೂ ಸೇರಿ ಆದ ಖರ್ಚು ಒಂದು ಡ್ರಮ್ಮಿನ ಬೆಲೆಗಿಂತ ಕಡಿಮೆ.